ರಾತ್ರಿ ಗಸ್ತಿಗೆ ಯಾವ ಪದ್ಧತಿ: ಕಳ್ಳನಿಗೆ ಲೆಕ್ಕ ಸಿಗಬಾರದು, ಯಾವ ಪಾಯಿಂಟೂ ತಪ್ಪಬಾರದು

ಶಿವಮೊಗ್ಗದ ಹೊರವಲಯದಲ್ಲಿ ಒಂದು ಅಡಿಕೆ ಗೋದಾಮಿನ ಭದ್ರತೆ ನೋಡಿಕೊಳ್ಳುತ್ತಿದ್ದಾಗ ಜನರೇಟರ್‌ನ ಡೀಸೆಲ್ ಕಳುವಾಗತೊಡಗಿತು. ಬೀಗ ಮುರಿದಿರಲಿಲ್ಲ, ಗಾರ್ಡ್ ಮಲಗಿರಲಿಲ್ಲ. ಡಿಪ್ ಕಡ್ಡಿ ಇಳಿಸಿ ನೋಡಿದಾಗ ಮಾತ್ರ ಎಣ್ಣೆಯ ಗುರುತು ಹಿಂದಿನ ದಿನಕ್ಕಿಂತ ಕೆಳಗಿರುತ್ತಿತ್ತು. ರಾತ್ರಿ ಪಾಳಿಯ ಹಿರಿಯ ಗಾರ್ಡ್ ನೊಂದುಕೊಂಡು ಪುಸ್ತಕ ತಂದು ತೋರಿಸಿದರು. "ಸರ್, ನೀವೇ ನೋಡಿ. ಒಂದು ಗಂಟೆಗೂ ಹೋಗಿದ್ದೇನೆ, ಎರಡು ಗಂಟೆಗೂ ಹೋಗಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ."

ಅವರು ಹೇಳಿದ್ದು ನಿಜ. ಪ್ರತಿ ರಾತ್ರಿ 1:12ಕ್ಕೆ ಡೀಸೆಲ್ ಕೋಣೆಯ ಮುಂದೆ ಅವರ ಸಹಿ ಇತ್ತು, 2:12ಕ್ಕೆ ಮತ್ತೆ ಇತ್ತು. ಮರುದಿನ ಕಾಂಪೌಂಡ್ ಗೋಡೆಯ ಹೊರಗಡೆ ಒಂದು ಸುತ್ತು ಹಾಕಿದೆ. ಹೊಂಗೆ ಮರದ ಬುಡದಲ್ಲಿ ಹುಲ್ಲು ಒತ್ತಿಹೋಗಿತ್ತು. ಹತ್ತಿರದಲ್ಲೇ ಆರೇಳು ಬೀಡಿ ತುಂಡುಗಳು ಬಿದ್ದಿದ್ದವು, ಕೆಲವು ಹಳೆಯವು, ಮಳೆಯಲ್ಲಿ ನೆನೆದು ಒಣಗಿದವು. ಯಾರೋ ಅಲ್ಲಿ ಒಂದಕ್ಕಿಂತ ಹೆಚ್ಚು ರಾತ್ರಿ ಕುಳಿತು ನಮ್ಮ ಗಾರ್ಡ್‌ನ ಟಾರ್ಚ್ ಬೆಳಕನ್ನು ನೋಡುತ್ತಿದ್ದರು. ಎರಡು ಕ್ಯಾನ್ ಡೀಸೆಲ್ ಎಳೆಯಲು ಕಾಲು ಗಂಟೆ ಸಾಕು. ನಾವು ಅವನಿಗೆ ದಿನವೂ ಒಂದು ಗಂಟೆ ಕೊಡುತ್ತಿದ್ದೆವು.

ಆ ನಂತರ ಗಸ್ತಿನ ಹೊತ್ತು ಗೊತ್ತುಮಾಡುವ ಹಲವು ಪದ್ಧತಿಗಳನ್ನು ಅದೇ ಆವರಣದಲ್ಲಿ ಒಂದಾದ ಮೇಲೊಂದು ಹಾಕಿ ನೋಡಿದೆ. ಇಂಥ ಕೆಲಸದ ಹೊಣೆ ಹೊತ್ತ ಸೂಪರ್‌ವೈಸರ್‌ಗಳು ಮತ್ತು ಅಪಾರ್ಟ್‌ಮೆಂಟ್ ಸಂಘದವರು ಯಾವುದನ್ನು ಆರಿಸಿಕೊಳ್ಳಬೇಕು, ಏಕೆ ಎಂಬುದನ್ನು ಆ ಅನುಭವದ ಲೆಕ್ಕದಲ್ಲೇ ಬರೆಯುತ್ತಿದ್ದೇನೆ.

ಮೊದಲು ಎರಡು ಸಂಖ್ಯೆ ಗೊತ್ತಿರಬೇಕು

ಪದ್ಧತಿಗಳನ್ನು ಹೋಲಿಸುವಾಗ ರಾತ್ರಿಗೆ ಎಷ್ಟು ಸುತ್ತು ಎಂದು ಕೇಳುವುದು ರೂಢಿ. ಆ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದೊಂದು ಪಾಯಿಂಟನ್ನೂ ಬೇರೆಯಾಗಿ ಹಿಡಿದು, ಅಲ್ಲಿಗೆ ಗಾರ್ಡ್ ಬಂದ ಒಂದು ಸಲಕ್ಕೂ ಮುಂದಿನ ಸಲಕ್ಕೂ ನಡುವಿನ ಅಂತರವನ್ನು ನೋಡಬೇಕು. ಆ ಅಂತರಗಳಲ್ಲಿ ಅತಿ ದೊಡ್ಡದು ಮಾಲೀಕನಿಗೆ ಬೇಕಾದ ಸಂಖ್ಯೆ. ಬೆಂಕಿ ಹತ್ತಿದರೂ ಪೈಪ್ ಒಡೆದರೂ ಷಟರ್ ಎತ್ತಿದ್ದರೂ ಅದಕ್ಕಿಂತ ಹೆಚ್ಚು ಹೊತ್ತು ಯಾರ ಕಣ್ಣಿಗೂ ಬೀಳದೆ ಉಳಿಯಬಾರದು. ಅತಿ ಚಿಕ್ಕದು ಕಳ್ಳನಿಗೆ ಬೇಕಾದ ಸಂಖ್ಯೆ. ಗಾರ್ಡ್ ಹಾದುಹೋದದ್ದನ್ನು ನೋಡಿದ ಮೇಲೆ ಇಷ್ಟು ಹೊತ್ತು ಖಂಡಿತ ಬರುವುದಿಲ್ಲ ಎಂಬ ಧೈರ್ಯ ಅವನಿಗೆ ಸಿಗುವುದು ಅದರಿಂದಲೇ. ಮೊದಲನೆಯದಕ್ಕೆ ಮೇಲೆ ಒಂದು ಮಿತಿ ಹಾಕಬೇಕು, ಎರಡನೆಯದನ್ನು ಆದಷ್ಟು ಕೆಳಕ್ಕೆ ತರಬೇಕು. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೈತಪ್ಪುತ್ತದೆ, ಅದೇ ಇದರ ಕಷ್ಟ.

ನಮ್ಮ ಆವರಣದ ಲೆಕ್ಕ ಹೀಗಿತ್ತು. ಪಾಳಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಅಂದರೆ 480 ನಿಮಿಷ. ಗೇಟಿನ ಕೋಣೆಯಲ್ಲಿ ಒಬ್ಬರು, ಸುತ್ತಲು ಒಬ್ಬರು. ಆರು ಪಾಯಿಂಟ್‌ಗಳು ಕಾಂಪೌಂಡಿನ ಉದ್ದಕ್ಕೂ ಉಂಗುರದಂತೆ ಇದ್ದವು: ವೇ ಬ್ರಿಡ್ಜ್, ಮೊದಲ ಗೋದಾಮಿನ ಷಟರ್, ಡೀಸೆಲ್ ಕೋಣೆ, ಹಿಂದಿನ ಮೂಲೆ, ಎರಡನೇ ಗೋದಾಮಿನ ಹಿಂಬಾಗಿಲು, ಪಂಪ್ ಮನೆ. ಒಂದರಿಂದ ಇನ್ನೊಂದಕ್ಕೆ ನಡೆಯಲು ಎರಡು ನಿಮಿಷ, ನಿಂತು ನೋಡಲು ಎರಡು ನಿಮಿಷ. ಗೇಟಿನಿಂದ ಹೊರಟ 4ನೇ ನಿಮಿಷಕ್ಕೆ ಮೊದಲ ಪಾಯಿಂಟ್ ಮುಗಿಯುತ್ತದೆ, 24ನೇ ನಿಮಿಷಕ್ಕೆ ಆರನೆಯದು. ಯಾವ ಪಾಯಿಂಟೂ 90 ನಿಮಿಷಕ್ಕಿಂತ ಹೆಚ್ಚು ಹೊತ್ತು ಬರಿದಾಗಿ ಉಳಿಯಬಾರದು ಎಂಬುದು ಮಾಲೀಕರ ಷರತ್ತು.

ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು

ಇದರ ಗುಣ ದೊಡ್ಡದು, ಅದನ್ನು ಮರೆಯಬಾರದು. ಗಾರ್ಡ್‌ಗೆ ಅರ್ಥವಾಗುತ್ತದೆ, ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಅತಿ ದೊಡ್ಡ ಅಂತರ 60 ನಿಮಿಷ ದಾಟುವುದಿಲ್ಲ. ಬೆಂಕಿಯ ಭಯವೊಂದೇ ಇರುವ ಕಡೆ ಇದೇ ಸಾಕು, ಏಕೆಂದರೆ ಬೆಂಕಿ ಮರದ ಕೆಳಗೆ ಕುಳಿತು ಗಾರ್ಡ್‌ನ ಹೊತ್ತು ಲೆಕ್ಕ ಹಾಕುವುದಿಲ್ಲ. ಹಿಂದೆ ಕಾರ್ಖಾನೆಗಳಲ್ಲಿ ಕಾವಲುಗಾರನ ಹೆಗಲಿಗೆ ಒಂದು ಗಡಿಯಾರ ತೂಗುಹಾಕುತ್ತಿದ್ದರು. ಪ್ರತಿ ಪಾಯಿಂಟಿನಲ್ಲಿ ಸರಪಳಿಗೆ ಕಟ್ಟಿದ ಕೀಲಿಯನ್ನು ಅದರಲ್ಲಿ ತಿರುಗಿಸಿದರೆ ಒಳಗಿನ ಕಾಗದದ ಬಿಲ್ಲೆಯ ಮೇಲೆ ಗುರುತು ಬೀಳುತ್ತಿತ್ತು. ಗುರುತುಗಳು ಸಮ ಅಂತರದಲ್ಲಿದ್ದರೆ ಒಳ್ಳೆಯ ಕಾವಲುಗಾರ ಎಂದು ಎಣಿಕೆ. ನಮ್ಮ ಗಸ್ತಿನ ಅಭ್ಯಾಸ ಇಂದಿಗೂ ಆ ಬಿಲ್ಲೆಯ ನೆರಳಿನಲ್ಲೇ ಇದೆ. ಸಮವಾಗಿದ್ದರೆ ಶಿಸ್ತು, ಏರುಪೇರಾದರೆ ಸೋಮಾರಿತನ ಎಂದುಕೊಳ್ಳುತ್ತೇವೆ.

ಆದರೆ ಇಲ್ಲಿ ಅತಿ ಚಿಕ್ಕ ಅಂತರವೂ 60 ನಿಮಿಷವೇ. ಎರಡು ರಾತ್ರಿ ನೋಡಿದವನಿಗೆ ಮೂರನೆಯ ರಾತ್ರಿ ಪೂರಾ ಒಂದು ಗಂಟೆ ಸಿಕ್ಕಂತೆಯೇ ಲೆಕ್ಕ.

"ನಿಮಗೆ ತೋಚಿದಾಗ ಹೋಗಿ"

ಕಳವಾದ ಮೇಲೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ನಾನೂ ಹೇಳಿದೆ. ಹದಿನೈದು ದಿನಗಳ ದಾಖಲೆ ತೆಗೆದು ನೋಡಿದಾಗ ತೋಚಿದ ಹೊತ್ತಿಗೂ ಒಂದು ಟೈಂಟೇಬಲ್ ಇತ್ತು. ಚಹಾ ಕುಡಿದ ಮೇಲೆ ಒಂದು ಸುತ್ತು. ಮಳೆ ಬಂದರೆ ನಿಂತ ಮೇಲೆ. ಎರಡೂವರೆಯಿಂದ ನಾಲ್ಕರವರೆಗೆ, ದೇಹವೇ ಕುಗ್ಗುವ ಹೊತ್ತಿನಲ್ಲಿ, ಹೆಚ್ಚುಕಡಿಮೆ ಏನೂ ಇಲ್ಲ. ಇದರಲ್ಲಿ ಗಾರ್ಡ್‌ನ ತಪ್ಪಿಲ್ಲ. ಮನುಷ್ಯನಿಗೆ ಲೆಕ್ಕವಿಲ್ಲದ ಹಾಗೆ ನಡೆದುಕೊಳ್ಳುವುದು ಬರುವುದಿಲ್ಲ. ಈಗಷ್ಟೇ ಹೋಗಿ ಬಂದ ಜಾಗಕ್ಕೆ ಮತ್ತೆ ಕೂಡಲೇ ಹೋಗಲು ಕಾಲು ಏಳುವುದಿಲ್ಲ, ಹಾಗಾಗಿ ಚಿಕ್ಕ ಅಂತರಗಳು ಹುಟ್ಟುವುದೇ ಇಲ್ಲ.

ದೊಡ್ಡ ವಿಮಾನ ನಿಲ್ದಾಣಗಳಿಗೂ ಇದೇ ಪಾಠ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ 2007ರಿಂದ ರಸ್ತೆ ತಪಾಸಣೆಯ ಮತ್ತು ಶ್ವಾನದಳದ ಹೊತ್ತುಗಳನ್ನು ಅಧಿಕಾರಿಗಳ ಮನಸ್ಸಿಗೆ ಬಿಡದೆ ARMOR ಎಂಬ ತಂತ್ರಾಂಶದಿಂದ ಗೊತ್ತುಮಾಡಲು ಶುರುಮಾಡಿದರು. ಅದನ್ನು ರೂಪಿಸಿದ್ದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮಿಲಿಂದ್ ತಾಂಬೆ ಅವರ ತಂಡ. ಶತ್ರು ನಮ್ಮನ್ನು ಗಮನಿಸುತ್ತಿದ್ದಾನೆ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಶುರುಮಾಡುವುದು ಆ ಕೆಲಸದ ತಿರುಳು. ನಮಗೆ ಅಷ್ಟು ದೊಡ್ಡ ತಂತ್ರಾಂಶ ಬೇಡ, ಹೊತ್ತನ್ನು ಗಾರ್ಡ್‌ನ ಕೈಯಿಂದ ತೆಗೆದು ಚೀಟಿಯ ಕೈಗೆ ಕೊಟ್ಟರೆ ಸಾಕು. ಆದರೆ ಚೀಟಿ ಎತ್ತುವುದರಲ್ಲೂ ವಿಧಗಳಿವೆ.

ಇಡೀ ರಾತ್ರಿಗೆ ಚೀಟಿ

480 ನಿಮಿಷಗಳಲ್ಲಿ ಯಾವುದಾದರೂ ಎಂಟನ್ನು ಚೀಟಿ ಎತ್ತಿ ಆ ಹೊತ್ತಿಗೆ ಹೋಗುವುದು ಒಂದು ವಿಧ. ಇದಕ್ಕಿಂತ ಅನಿಯಮಿತವಾದದ್ದು ಇಲ್ಲ. ಆದರೆ ಖಾತರಿ ಎಂಬುದು ಪೂರ್ತಿ ಹೋಯಿತು. ಎಂಟು ಹೊತ್ತುಗಳು ರಾತ್ರಿಯುದ್ದಕ್ಕೂ ಹದವಾಗಿ ಹರಡಿಕೊಳ್ಳುತ್ತವೆ ಎಂದು ನಮಗೆ ಅನ್ನಿಸುತ್ತದೆ. ಹಾಗಾಗುವುದಿಲ್ಲ, ಅವು ಗುಂಪುಗೂಡುತ್ತವೆ. ಪಾಳಿಯ ಆರಂಭದ ಮತ್ತು ಕೊನೆಯ ಖಾಲಿ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ, ನೂರು ರಾತ್ರಿಗಳಲ್ಲಿ ಸುಮಾರು 76 ರಾತ್ರಿ ಎಲ್ಲಾದರೂ ಒಂದು ಕಡೆ ಎರಡು ಗಂಟೆಗಿಂತ ದೊಡ್ಡ ಅಂತರ ಬಂದೇ ಬರುತ್ತದೆ. ಈ ಸಂಖ್ಯೆಯನ್ನು ಮೊದಲ ಸಲ ಕಂಡಾಗ ನಂಬದೆ ಮತ್ತೆ ಕೂಡಿಸಿ ಕಳೆದು ನೋಡಿದೆ. ಸರಿಯಾಗಿಯೇ ಇತ್ತು. ಹಾಗಾಗಿ ಈ ವಿಧವನ್ನು ಯಾರಿಗೂ ಹೇಳಲಾರೆ.

ಗಂಟೆಗೊಂದು ಚೀಟಿ

ಪ್ರತಿ ಗಂಟೆಯನ್ನೂ ಒಂದು ಕೋಣೆ ಎಂದುಕೊಂಡು, ಆ ಗಂಟೆಯೊಳಗಿನ ಯಾವುದೋ ಒಂದು ನಿಮಿಷವನ್ನು ಎತ್ತುವ ಪದ್ಧತಿ ಬಹಳ ಕಡೆ ಇದೆ. ಇಂಥ ಗಂಟೆಗೆ ಒಂದು ಸಹಿ ಇರಲೇಬೇಕು ಎಂದು ಪರೀಕ್ಷಿಸುವುದು ಸುಲಭ. ಪೊಲೀಸ್ ಬೀಟಿನ ಪಾಯಿಂಟ್ ಬುಕ್ ನೋಡಿ ಬೆಳೆದವರಿಗೆ ಇದು ಸಹಜವಾಗಿಯೇ ಹೊಳೆಯುತ್ತದೆ. ಗಂಟೆಗೊಮ್ಮೆ ಖಂಡಿತ ಹೋಗುತ್ತಾರೆ ಎಂದು ಕಾಗದದ ಮೇಲೆ ಕಾಣುತ್ತದೆ, ಆದರೆ 1:00ಕ್ಕೆ ಹೋಗಿ ಮುಂದಿನದು 2:59ಕ್ಕೆ ಬಂದರೆ ನಡುವೆ 119 ನಿಮಿಷ. ಸರಾಸರಿ ಎಂಟು ಅಂತರಗಳಲ್ಲಿ ಒಂದು 90 ದಾಟುತ್ತದೆ, ಅಂದರೆ ಹೆಚ್ಚುಕಡಿಮೆ ರಾತ್ರಿಗೊಂದು. ಕೋಣೆಯನ್ನು 45 ನಿಮಿಷಕ್ಕೆ ಇಳಿಸಿದರೆ 90ರ ಖಾತರಿ ಬರುತ್ತದೆ, ಆದರೆ ಸುತ್ತುಗಳು ಹೆಚ್ಚುತ್ತವೆ.

ನನಗೆ ಇದರಲ್ಲಿ ಹೆಚ್ಚು ಕಾಡಿದ ದೋಷ ಬೇರೆ. ಈ ನಿಯಮ ಗೊತ್ತಿರುವವನು, ಅಂದರೆ ಹಳೆಯ ನೌಕರ ಅಥವಾ ಲಾರಿ ಕ್ಲೀನರ್, 1:05ಕ್ಕೆ ಗಾರ್ಡ್ ಹಾದುಹೋದದ್ದನ್ನು ಕಂಡರೆ ಆ ಗಂಟೆಯ ಪಾಲು ಮುಗಿಯಿತು, ಎರಡರವರೆಗೆ ಯಾರೂ ಬರುವುದಿಲ್ಲ ಎಂದು ತಿಳಿದುಕೊಳ್ಳುತ್ತಾನೆ. ಚೀಟಿ ಎತ್ತಿಯೂ ಅವನಿಗೆ 55 ನಿಮಿಷ ಕೊಟ್ಟಂತಾಯಿತು. ಗಾರ್ಡ್‌ಗಳೂ ಬೇಗನೆ ಒಂದು ಉಪಾಯ ಕಂಡುಕೊಳ್ಳುತ್ತಾರೆ: 1:50ಕ್ಕೆ ಒಂದು, 2:05ಕ್ಕೆ ಒಂದು, ಒಂದೇ ನಡಿಗೆಯಲ್ಲಿ ಎರಡು ಗಂಟೆಗಳ ಸಹಿ. ದಾಖಲೆಯಲ್ಲಿ ಗಂಟೆಯ ಆಚೀಚೆ ಜೋಡಿಜೋಡಿಯಾಗಿ ಹೊತ್ತುಗಳು ಕಂಡರೆ ಅದು ನಡೆಯುತ್ತಿದೆ ಎಂದೇ ಅರ್ಥ.

ಅಂತರಕ್ಕೇ ಚೀಟಿ

ಹೊತ್ತಿನ ಬದಲು ಅಂತರವನ್ನೇ ಚೀಟಿಯಲ್ಲಿ ಬರೆದರೆ ವಿಷಯ ಬದಲಾಗುತ್ತದೆ. ಒಂದು ಸುತ್ತು ಹೊರಟ ಹೊತ್ತಿನಿಂದ ಮುಂದಿನ ಸುತ್ತು ಹೊರಡಬೇಕಾದ ಹೊತ್ತಿಗೆ ಎಷ್ಟು ನಿಮಿಷ ಎಂಬುದು ಚೀಟಿಯಲ್ಲಿರುತ್ತದೆ. ಅತಿ ದೊಡ್ಡ ಚೀಟಿ ಎಷ್ಟೋ ಅಷ್ಟೇ ಅತಿ ದೊಡ್ಡ ಅಂತರ. ಗಂಟೆಯ ಗೋಡೆಗಳಿಲ್ಲ, ಹಾಗಾಗಿ ಗಾರ್ಡ್ ಈಗ ಬಂದು ಹೋದದ್ದರಿಂದ ಮುಂದೆ ಯಾವಾಗ ಎಂಬುದು ಹೊರಗಿನವನಿಗೆ ತಿಳಿಯುವುದಿಲ್ಲ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಲೇಬೇಕು. ಹಾಕದಿದ್ದರೆ ಕೊನೆಗೆ ಉಳಿಯುವ ಚೀಟಿ ಯಾವುದೆಂದು ಎಣಿಸಿದವರಿಗೆಲ್ಲ ಗೊತ್ತಾಗುತ್ತದೆ.

ಉಳಿಯುವ ಕೊರತೆ ಅತಿ ಚಿಕ್ಕ ಅಂತರದ್ದು. ಸುತ್ತು ಮುಗಿಸಿ ಗೇಟಿಗೆ ಮರಳಲು 26 ನಿಮಿಷ ಬೇಕಾದಾಗ 30ಕ್ಕಿಂತ ಚಿಕ್ಕ ಚೀಟಿ ಬರೆಯುವ ಹಾಗಿಲ್ಲ. ಡೀಸೆಲ್ ಎಳೆಯುವವನಿಗೆ ಬೇಕಾದದ್ದು 15 ನಿಮಿಷ. ಗಾರ್ಡ್ ಹೋದ ಬೆನ್ನಿಗೇ ಗೋಡೆ ಹಾರಿದರೆ ಅವನು ಇನ್ನೂ ಸುರಕ್ಷಿತ.

ದಿಕ್ಕು ಬದಲಿಸುವುದು: ಇಲ್ಲಿ ಒಂದು ಮೋಸವಿದೆ

ಒಮ್ಮೆ ಬಲಸುತ್ತು, ಒಮ್ಮೆ ಎಡಸುತ್ತು ಹೋಗಿ ಎಂಬ ಸಲಹೆಯನ್ನು ನಾನೂ ಬಹಳ ಕಾಲ ಕೊಟ್ಟೆ. ಒಂದು ದಿನ ಪಾಯಿಂಟ್‌ವಾರು ಬರೆದು ನೋಡಿದಾಗ ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದು ಕಣ್ಣಿಗೆ ಹೊಡೆಯಿತು. ವೇ ಬ್ರಿಡ್ಜ್ ಬಲಸುತ್ತಿನಲ್ಲಿ 4ನೇ ನಿಮಿಷಕ್ಕೆ ಮುಗಿದರೆ ಎಡಸುತ್ತಿನಲ್ಲಿ 24ನೇ ನಿಮಿಷಕ್ಕೆ. ಇಪ್ಪತ್ತು ನಿಮಿಷ ಏರುಪೇರು, ಒಳ್ಳೆಯದೇ. ಡೀಸೆಲ್ ಕೋಣೆ ಬಲಸುತ್ತಿನಲ್ಲಿ 12, ಎಡಸುತ್ತಿನಲ್ಲಿ 16. ಬರೀ ನಾಲ್ಕು ನಿಮಿಷ. ಉಂಗುರದ ನಡುಮಧ್ಯದ ಪಾಯಿಂಟಿಗೆ ಯಾವ ಕಡೆಯಿಂದ ಬಂದರೂ ದೂರ ಒಂದೇ. ನಡುಮಧ್ಯ ಎಂದರೆ ಗೇಟಿನಿಂದ ಅತಿ ದೂರದ ಹಿಂಭಾಗ, ಕಳ್ಳ ಬರುವುದೂ ಅಲ್ಲಿಗೇ. ದಿಕ್ಕಿನ ಚೀಟಿ ಕಾವಲು ಹೆಚ್ಚು ಬೇಕಾದ ಜಾಗಕ್ಕೆ ಏನನ್ನೂ ಕೊಡದೆ, ಗೇಟಿನ ಪಕ್ಕದ ಪಾಯಿಂಟ್‌ಗಳಿಗೆ ಎಲ್ಲವನ್ನೂ ಕೊಡುತ್ತದೆ.

ಅಷ್ಟೇ ಅಲ್ಲ, ಅದಕ್ಕೆ ಬೆಲೆಯೂ ಇದೆ. ವೇ ಬ್ರಿಡ್ಜನ್ನು ಒಂದು ಸುತ್ತಿನಲ್ಲಿ ಮೊದಲು ನೋಡಿ ಮುಂದಿನ ಸುತ್ತಿನಲ್ಲಿ ಕೊನೆಗೆ ನೋಡಿದರೆ ಅಲ್ಲಿನ ಅಂತರ ಚೀಟಿಗಿಂತ 20 ನಿಮಿಷ ಹೆಚ್ಚಾಗುತ್ತದೆ. 90ರ ಖಾತರಿ ಉಳಿಯಬೇಕಾದರೆ ದೊಡ್ಡ ಚೀಟಿ 70ಕ್ಕಿಂತ ಮೇಲೆ ಹೋಗಬಾರದು. ದಿಕ್ಕು ಬದಲಿಸಲು ಹೇಳಿ ಚೀಟಿಯ ಮೇಲ್ಮಿತಿಯನ್ನು ಇಳಿಸದ ಕಡೆಗಳಲ್ಲಿ ಖಾತರಿ ಸದ್ದಿಲ್ಲದೆ ಮುರಿದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಆದರೂ ದಿಕ್ಕಿನ ಚೀಟಿಯನ್ನು ಬಿಡಬಾರದು. ಮರದ ಕೆಳಗಿನವನಿಗೆ ಟಾರ್ಚ್ ಯಾವ ಕಡೆಯಿಂದ ಬರುತ್ತದೆ ಎಂಬುದು ಗೊತ್ತಿಲ್ಲದಿರುವುದೇ ಒಂದು ಲಾಭ.

ತಿರುಗಿ ಬರುವ ಚೀಟಿ

ನಡುಮಧ್ಯದ ಪಾಯಿಂಟಿಗೆ ಮದ್ದು ಸಿಕ್ಕಿದ್ದು ಇದರಲ್ಲಿ. ಗಾರ್ಡ್ ಒಂದು ಪಾಯಿಂಟ್ ಮುಗಿಸಿ ಮುಂದಿನದಕ್ಕೆ ಹೋಗಿ, ಅದನ್ನೂ ನೋಡಿ, ತಟ್ಟನೆ ತಿರುಗಿ ಹಿಂದಿನ ಪಾಯಿಂಟಿಗೆ ಬಂದು ಕಣ್ಣು ಹಾಯಿಸಿ, ಮತ್ತೆ ತನ್ನ ದಾರಿ ಹಿಡಿಯುತ್ತಾರೆ. ಎಲ್ಲ ಸುತ್ತಿನಲ್ಲೂ ಅಲ್ಲ, ಎಲ್ಲ ಪಾಯಿಂಟಿನಲ್ಲೂ ಅಲ್ಲ. ಎಲ್ಲಿ ಎಂಬುದನ್ನು ಹೊರಡುವಾಗ ಎತ್ತಿದ ಚೀಟಿ ಹೇಳುತ್ತದೆ. ಮೊದಲ ಭೇಟಿಗೂ ಈ ಮರುಭೇಟಿಗೂ ನಡುವೆ ಆರು ನಿಮಿಷ ಮಾತ್ರ. ಗಾರ್ಡ್ ಹಿಂದಿನ ಮೂಲೆಯ ಕಡೆ ನಡೆದದ್ದನ್ನು ಕಂಡು ಗೋಡೆಯಿಂದ ಇಳಿದವನು ಪೈಪ್ ಹಾಕುವಷ್ಟರಲ್ಲಿ ಟಾರ್ಚ್ ಮತ್ತೆ ಬಂದಿರುತ್ತದೆ.

ಇದಕ್ಕೂ ಲೆಕ್ಕ ಕೊಡಬೇಕು. ತಿರುಗಿ ಬಂದು ಹೋಗಲು ನಾಲ್ಕು ನಿಮಿಷ ಹೆಚ್ಚು, ಆದ್ದರಿಂದ ಮುಂದಿನ ಪಾಯಿಂಟ್‌ಗಳು ಅಷ್ಟು ತಡ. ಏರುಪೇರು 20ರ ಬದಲು 24 ಆಯಿತು. 70ರ ಚೀಟಿಯನ್ನು ತೆಗೆದು 65ಕ್ಕೆ ನಿಲ್ಲಿಸಿದೆ. 65ಕ್ಕೆ 24 ಸೇರಿದರೆ 89, ಖಾತರಿಯೊಳಗೆ ಇದೆ. ತಿರುಗುವ ಸುತ್ತು ಗೇಟಿಗೆ ಮರಳಲು 30 ನಿಮಿಷ ಹಿಡಿಯುತ್ತದೆ, ಹಾಗಾಗಿ 30ರ ಚೀಟಿಯನ್ನೂ ತೆಗೆದೆ, ಇಲ್ಲದಿದ್ದರೆ ಗಾರ್ಡ್‌ಗೆ ನೀರು ಕುಡಿಯಲೂ ಬಿಡುವಿಲ್ಲ. ಉಳಿದದ್ದು ಏಳು ಚೀಟಿಗಳು: 35, 40, 45, 50, 55, 60, 65. ಸರಾಸರಿ 50, ರಾತ್ರಿಗೆ ಸಾಮಾನ್ಯವಾಗಿ ಒಂಬತ್ತು ಹತ್ತು ಸುತ್ತು. ಗಂಟೆಗೊಮ್ಮೆಯ ಪದ್ಧತಿಗಿಂತ ಒಂದೆರಡು ಸುತ್ತು ಹೆಚ್ಚು. ಇಬ್ಬರೂ ಗಾರ್ಡ್‌ಗಳು ಎರಡು ಗಂಟೆಗೊಮ್ಮೆ ಗೇಟು ಮತ್ತು ಗಸ್ತನ್ನು ಅದಲುಬದಲು ಮಾಡಿಕೊಂಡರೆ ಈ ಹೊರೆ ಹಂಚಿಹೋಗುತ್ತದೆ.

ತಿರುಗುವ ಡಬ್ಬಿಯಲ್ಲಿ ಹನ್ನೆರಡು ಚೀಟಿ ಇಟ್ಟೆ. ಆರು ಪಾಯಿಂಟಿಗೆ ಒಂದೊಂದು, ಡೀಸೆಲ್ ಕೋಣೆಗೆ ಇನ್ನೊಂದು ಹೆಚ್ಚು, ಉಳಿದ ಐದು ಖಾಲಿ. ಹೀಗಾಗಿ ಡೀಸೆಲ್ ಕೋಣೆಗೆ ಆರು ಸುತ್ತಿನಲ್ಲಿ ಸರಾಸರಿ ಒಂದು ಸಲ, ರಾತ್ರಿಗೆ ಒಂದೋ ಎರಡೋ ಮರುಭೇಟಿ ಬೀಳುತ್ತದೆ. ಬೆಲೆಬಾಳುವ ಜಾಗಕ್ಕೆ ಹೆಚ್ಚು ಕಾವಲು ಬೇಕೆಂದರೆ ಅಲ್ಲಿನ ಚೀಟಿ ಹೆಚ್ಚಿಸಿದರೆ ಆಯಿತು, ಖಾತರಿಯ ಲೆಕ್ಕ ಕದಲುವುದಿಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಗಮನಿಸದೆ ಸುಮ್ಮನೆ ಯಾವುದೋ ಹೊತ್ತಿಗೆ ನುಗ್ಗುವ ಕಳ್ಳನ ವಿಷಯದಲ್ಲಿ ಅನಿಯಮಿತ ಗಸ್ತಿನಿಂದ ಲಾಭವಿಲ್ಲ, ಸ್ವಲ್ಪ ನಷ್ಟವೇ ಇದೆ. ಅಂಥವನು ಬಂದ ಮೇಲೆ ಗಾರ್ಡ್ ಎದುರಾಗಲು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿದರೆ, ಸರಿಯಾಗಿ 50 ನಿಮಿಷಕ್ಕೊಮ್ಮೆ ಹೋಗುವ ಗಸ್ತಿನಲ್ಲಿ 25 ನಿಮಿಷ. ನಮ್ಮ ಏಳು ಅಂತರದ ಚೀಟಿಗಳಲ್ಲಿ 26. ಲಂಗುಲಗಾಮಿಲ್ಲದ ಚೀಟಿಯಲ್ಲಿ ಅದು 50ರ ಹತ್ತಿರ ಹೋಗುತ್ತದೆ, ಏಕೆಂದರೆ ದೊಡ್ಡ ಅಂತರಗಳು ರಾತ್ರಿಯ ಹೆಚ್ಚು ಭಾಗವನ್ನು ನುಂಗಿರುತ್ತವೆ. ಗಮನಿಸುವ ಕಳ್ಳನನ್ನು ತಡೆಯಲು ಒಂದು ನಿಮಿಷ ಕೊಡುವುದು ನನಗೆ ಒಪ್ಪಿಗೆ.

ದೊಡ್ಡ ಆವರಣಕ್ಕೆ ಬೇರೆ ದಾರಿ

ಪಾಯಿಂಟ್‌ಗಳು ಮೂವತ್ತು ನಲವತ್ತು ಇರುವ ಕಡೆ, ಮೂರು ನಾಲ್ಕು ಜನ ಸದಾ ನಡೆಯುತ್ತಲೇ ಇರುವ ಕಡೆ ಸುತ್ತು ಎಂಬ ಕಲ್ಪನೆಯನ್ನೇ ಬಿಡಬಹುದು. ಗಾರ್ಡ್ ಒಂದು ಪಾಯಿಂಟ್ ಮುಗಿಸಿದ ಕೂಡಲೇ ಮೊಬೈಲ್ ಮುಂದಿನದನ್ನು ಹೇಳುತ್ತದೆ. ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ಯಾವುದಾದರೂ ಒಂದು, ಆದರೆ ಯಾವುದೇ ಪಾಯಿಂಟಿನ ವಾಯಿದೆ ಹತ್ತಿರ ಬಂದರೆ ಚೀಟಿಯನ್ನು ಬದಿಗಿಟ್ಟು ಮೊದಲು ಅದಕ್ಕೆ. ಕೇಳಲು ಸೊಗಸಾಗಿದೆ. ತೊಂದರೆ ಬರುವುದು ಹತ್ತಿರ ಎಂದರೆ ಎಷ್ಟು ಎಂಬಲ್ಲಿ. ಹಲವು ಪಾಯಿಂಟ್‌ಗಳ ವಾಯಿದೆ ಒಟ್ಟಿಗೆ ಬಂದರೆ ಎಲ್ಲವನ್ನೂ ತೀರಿಸಲು ಹೊತ್ತು ಬೇಕು. ನಮ್ಮ ಆರು ಪಾಯಿಂಟಿನ ಆವರಣವನ್ನೇ ತೆಗೆದುಕೊಂಡರೆ, ಅಡ್ಡಾದಿಡ್ಡಿ ಓಡಾಟದಲ್ಲಿ ಒಂದೊಂದಕ್ಕೆ ಎಂಟು ನಿಮಿಷದವರೆಗೆ ಹಿಡಿಯಬಹುದು, ಆರಕ್ಕೆ 48. ಆದ್ದರಿಂದ 90ರಲ್ಲಿ 48 ಕಳೆದು, 42 ನಿಮಿಷವಾದ ಕೂಡಲೇ ಆ ಪಾಯಿಂಟನ್ನು ಕಡ್ಡಾಯ ಮಾಡಬೇಕು. ಚೀಟಿಗೆ ಉಳಿಯುವ ಸ್ವಾತಂತ್ರ್ಯ ಅಷ್ಟೇ. ವಾಯಿದೆಗೆ ಹತ್ತು ನಿಮಿಷ ಮೊದಲು ಎಚ್ಚರಿಸು ಎಂದು ಇಟ್ಟಿರುವ ವ್ಯವಸ್ಥೆಗಳಲ್ಲಿ ಬೆಳಗಿನ ಜಾವದ ಹೊತ್ತಿಗೆ ಎಚ್ಚರಿಕೆಗಳು ಸಾಲುಗಟ್ಟಿ ಗಾರ್ಡ್ ಓಡಬೇಕಾಗುತ್ತದೆ. ಒಬ್ಬನೇ ಗಾರ್ಡ್ ಇರುವಲ್ಲಿ ಈ ದಾರಿ ಬೇಡ. ಅವನಿಗೆ ಕುಳಿತುಕೊಳ್ಳಲು ಹೊತ್ತೇ ಇರುವುದಿಲ್ಲ.

ಸಣ್ಣ ಅಪಾರ್ಟ್‌ಮೆಂಟ್, ಒಬ್ಬರೇ ಗಾರ್ಡ್, ಮೂರು ನಾಲ್ಕು ಪಾಯಿಂಟ್ ಎಂದಾದರೆ ಅಂತರದ ಚೀಟಿಯೊಂದೇ ಸಾಕು. ಗೋದಾಮು, ಸಣ್ಣ ಕಾರ್ಖಾನೆ, ಶಾಲೆಯ ಆವರಣಗಳಿಗೆ ಅಂತರ, ದಿಕ್ಕು, ತಿರುಗುವಿಕೆ ಮೂರೂ ಸೇರಿದ್ದನ್ನು ಹೇಳುತ್ತೇನೆ. ಬೇರೆ ಅಳತೆಯ ಆವರಣಕ್ಕೆ ಸೂತ್ರ ಇಷ್ಟೇ: ನಿಮ್ಮ ಖಾತರಿಯ ನಿಮಿಷದಿಂದ, ಸುತ್ತಿನಲ್ಲಿ ಒಂದು ಪಾಯಿಂಟ್ ಎಷ್ಟು ಬೇಗ ಮತ್ತು ಎಷ್ಟು ತಡವಾಗಿ ಬರಬಹುದೋ ಆ ವ್ಯತ್ಯಾಸವನ್ನು ಕಳೆಯಿರಿ. ಸಿಕ್ಕಿದ್ದು ದೊಡ್ಡ ಚೀಟಿ. ಅದು ಸುತ್ತು ಮುಗಿಸಲು ಬೇಕಾದ ಹೊತ್ತಿಗೆ ತೀರಾ ಹತ್ತಿರ ಬಂದರೆ ಚೀಟಿ ಎತ್ತಲು ಜಾಗವೇ ಉಳಿದಿಲ್ಲ. ಪಾಯಿಂಟ್ ಕಡಿಮೆ ಮಾಡಬೇಕು, ಇಲ್ಲವೇ ಇನ್ನೊಬ್ಬ ಗಾರ್ಡ್ ಬೇಕು.

ಚೀಟಿ ಎತ್ತುವ ಕ್ರಮ

ಕಂಪ್ಯೂಟರ್‌ನ ಹಾಳೆಯಲ್ಲಿ ಮಾಡುವವರಿಗೆ ಅಂತರಕ್ಕೆ ಈ ಒಂದು ಸಾಲು ಸಾಕು:

```
=RANDBETWEEN(7,13)*5
```

35ರಿಂದ 65ರವರೆಗೆ ಐದರ ಮಗ್ಗಿಯಲ್ಲಿ ಒಂದು ಸಂಖ್ಯೆ ಬರುತ್ತದೆ. ಆದರೆ ಆ ಹಾಳೆಯಲ್ಲಿ ಏನನ್ನು ಮುಟ್ಟಿದರೂ ಎಲ್ಲ ಸಂಖ್ಯೆಗಳೂ ಹೊಸದಾಗಿ ಬದಲಾಗುತ್ತವೆ. ಮುದ್ರಿಸಿದ್ದು ಒಂದು, ಬೆಳಿಗ್ಗೆ ತಾಳೆ ನೋಡುವಾಗ ಪರದೆಯಲ್ಲಿರುವುದು ಇನ್ನೊಂದು. ಸಂಖ್ಯೆ ಬಂದ ಕೂಡಲೇ ಅದನ್ನು ಬರೀ ಮೌಲ್ಯವಾಗಿ ಅಂಟಿಸಿಡಬೇಕು.

ನಾನು ಮಾತ್ರ ಗೇಟಿನಲ್ಲಿ ಡಬ್ಬಿ ಇಡುವುದನ್ನೇ ಇಷ್ಟಪಡುತ್ತೇನೆ. ಇಡೀ ರಾತ್ರಿಯ ಪಟ್ಟಿ ಗೋಡೆಯ ಮೇಲಿದ್ದರೆ ಲಾರಿಯವರೂ ಓದುತ್ತಾರೆ. ಡಬ್ಬಿಯಾದರೆ ಸುತ್ತು ಮುಗಿಸಿ ಬಂದ ಗಾರ್ಡ್, ಗೇಟಿನವರ ಎದುರಿನಲ್ಲಿ, ಮುಂದಿನ ಒಂದು ಸುತ್ತಿನದನ್ನು ಮಾತ್ರ ಎತ್ತುತ್ತಾರೆ, ಪುಸ್ತಕದಲ್ಲಿ ಬರೆದು ಚೀಟಿಯನ್ನು ವಾಪಸ್ ಹಾಕುತ್ತಾರೆ. ನಾಲ್ಕು ಗಂಟೆಗೆ ಏನು ಬರುತ್ತದೆ ಎಂದು ಎರಡು ಗಂಟೆಗೆ ಯಾರಿಗೂ, ನನಗೂ ಗೊತ್ತಿರುವುದಿಲ್ಲ. ಚೀಟಿ ಇಷ್ಟವಾಗದೆ ಮತ್ತೊಂದು ಎತ್ತಿದರೆ ಅದು ಪುಸ್ತಕದಲ್ಲಿ ಕಾಣುತ್ತದೆ. ತಿಂಗಳ ಚೀಟಿಗಳಲ್ಲಿ 65 ತೀರಾ ಹೆಚ್ಚಾಗಿ 35 ತೀರಾ ಕಡಿಮೆ ಇದ್ದರೆ ಅದೇ ನಡೆದಿದೆ. ತಡರಾತ್ರಿ ಲಾರಿ ಬಂದು ಗಾರ್ಡ್ ಸಿಕ್ಕಿಹಾಕಿಕೊಂಡರೆ ಹೊಸ ಚೀಟಿ ಎತ್ತುವ ಹಾಗಿಲ್ಲ, ಬಿಡುವಾದ ಕ್ಷಣ ಹೊರಡಬೇಕು. ಹಳೆಯ ವಾಯಿದೆಯೇ ಲೆಕ್ಕ.

ದಾಖಲೆಯಲ್ಲಿ ನೋಡಬೇಕಾದದ್ದು

ಟ್ಯಾಗ್ ಮುಟ್ಟಿಸುವ ಯಂತ್ರ ಇದ್ದರೂ ಅದರ ವರದಿಯಲ್ಲಿ ಕಾಣುವುದು ಭೇಟಿಗಳ ಪಟ್ಟಿ ಮಾತ್ರ. ಅಂತರಗಳನ್ನು ಪಾಯಿಂಟ್‌ವಾರು ನೀವೇ ತೆಗೆಯಬೇಕು. ಭೇಟಿಯ ನಿಮಿಷಗಳು :00 ಮತ್ತು :30ರ ಸುತ್ತ ರಾಶಿಬಿದ್ದಿದ್ದರೆ ಚೀಟಿ ಡಬ್ಬಿಯಲ್ಲೇ ಮಲಗಿದೆ. ನಾಲ್ಕು ನಿಮಿಷದ ದಾರಿಯ ಎರಡು ಪಾಯಿಂಟ್‌ಗಳು ಇಪ್ಪತ್ತು ಸೆಕೆಂಡಿನಲ್ಲಿ ದಾಖಲಾಗಿದ್ದರೆ ಟ್ಯಾಗ್‌ಗಳು ಗೋಡೆಯಿಂದ ಕಿತ್ತು ಗೇಟಿನ ಕೋಣೆಗೆ ಬಂದಿವೆ. ಕ್ಯೂಆರ್ ಕೋಡ್ ಆದರೆ ಕೀಳುವುದೂ ಬೇಡ, ಫೋಟೊ ತೆಗೆದಿಟ್ಟುಕೊಂಡರೆ ಆಯಿತು. ಆದ್ದರಿಂದ ಟ್ಯಾಗನ್ನು ಸ್ಕ್ರೂ ಬದಲು ರಿವೆಟ್ ಹೊಡೆದು ಕೂರಿಸಬೇಕು, ಮುಖ್ಯ ಪಾಯಿಂಟಿನಲ್ಲಿ ಅಲ್ಲಿಗೆ ಹೋದರೆ ಮಾತ್ರ ತಿಳಿಯುವ ಒಂದು ವಿಷಯ ಬರೆಸಬೇಕು. ನಾನು ಡೀಸೆಲ್ ಕೋಣೆಯಲ್ಲಿ ಟ್ಯಾಂಕಿನ ಗೇಜ್ ಓದಿ ಬರೆಯಲು ಹೇಳಿದೆ. ಭೇಟಿಗೂ ಸಾಕ್ಷಿ, ಎಣ್ಣೆಗೂ ಲೆಕ್ಕ.

ಪಾಳಿ ಬದಲಾಗುವ ಹೊತ್ತನ್ನು ಬಹಳ ಮಂದಿ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಹೋಗುವವರು 5:10ರ ಸುತ್ತನ್ನೇ ಕೊನೆಯದೆಂದುಕೊಂಡು, ಬರುವವರು ಏಳಕ್ಕೆ ಶುರುಮಾಡಿದರೆ ರಾತ್ರಿಯಿಡೀ ಕಾಪಾಡಿದ ಖಾತರಿ ಅಲ್ಲಿ ಮುರಿಯುತ್ತದೆ. ಮುಂದಿನ ಸುತ್ತಿನ ಚೀಟಿಯನ್ನು ಹೋಗುವವರೇ ಎತ್ತಿ, ಬರೆದು, ಕೈಗೆ ಕೊಟ್ಟು ಹೋಗಬೇಕು.

ಒಂದು ರಾತ್ರಿಯ ಲೆಕ್ಕ

ಪದ್ಧತಿ ನಿಂತ ಮೇಲಿನ ಒಂದು ರಾತ್ರಿ ಸುತ್ತುಗಳು ಹೊರಟದ್ದು 10:05, 11:05, 11:40, 12:45, 1:25, 2:30, 3:35, 4:20 ಮತ್ತು 5:10ಕ್ಕೆ. ಒಟ್ಟು ಒಂಬತ್ತು. ಅವುಗಳಲ್ಲಿ ಎರಡನೆಯದು, ಮೂರನೆಯದು, ಆರನೆಯದು, ಏಳನೆಯದು, ಕೊನೆಯದು ಎಡಸುತ್ತು. ನಾಲ್ಕನೆಯದರಲ್ಲಿ ವೇ ಬ್ರಿಡ್ಜಿಗೆ, ಐದನೆಯದರಲ್ಲಿ ಡೀಸೆಲ್ ಕೋಣೆಗೆ, ಏಳನೆಯದರಲ್ಲಿ ಎರಡನೇ ಗೋದಾಮಿನ ಹಿಂಬಾಗಿಲಿಗೆ ತಿರುಗುವ ಚೀಟಿ ಬಂದಿತ್ತು.

ಡೀಸೆಲ್ ಕೋಣೆಯ ದಾಖಲೆ 10:17, 11:21, 11:56, 1:01, 1:37, 1:43, 2:46, 3:55, 4:32, 5:26. ಅಂತರಗಳು ಕ್ರಮವಾಗಿ 64, 35, 65, 36, 6, 63, 69, 37, 54. ವೇ ಬ್ರಿಡ್ಜ್‌ನಲ್ಲಿ ಏರುಪೇರು ಇನ್ನೂ ಹೆಚ್ಚು. 1:29ಕ್ಕೆ ಬಲಸುತ್ತಿನ ಮೊದಲಿಗೆ ನೋಡಿದ್ದನ್ನು ಮತ್ತೆ ನೋಡಿದ್ದು 2:54ಕ್ಕೆ, ಎಡಸುತ್ತಿನ ಕೊನೆಗೆ. 85 ನಿಮಿಷ, ಆ ರಾತ್ರಿ ವೇ ಬ್ರಿಡ್ಜ್‌ನಲ್ಲಿ ಬಿದ್ದ ಅತಿ ದೊಡ್ಡ ಅಂತರ. 70ರ ಚೀಟಿಯನ್ನು ಡಬ್ಬಿಯಲ್ಲೇ ಬಿಟ್ಟು, ಆ ಹೊತ್ತಿಗೆ ಅದೇ ಬಂದಿದ್ದರೆ ಇದು 90 ಆಗುತ್ತಿತ್ತು. ಅದರ ಮೇಲೆ ತಿರುಗುವ ಚೀಟಿಯೂ ಬಿದ್ದಿದ್ದರೆ 94.

ಬೆಳಿಗ್ಗೆ ಹಿರಿಯ ಗಾರ್ಡ್ ಪುಸ್ತಕ ಮುಚ್ಚುವ ಮೊದಲು ಡಬ್ಬಿಗೆ ಕೈ ಹಾಕಿ ಹಗಲು ಪಾಳಿಯವರಿಗೆ ಚೀಟಿ ಎತ್ತಿಕೊಟ್ಟರು. 55 ಬಂದಿತ್ತು. ಹಗಲಿನವರು ಬ್ಯಾಗನ್ನು ಕುರ್ಚಿಯ ಮೇಲಿಟ್ಟು 6:05ಕ್ಕೆ ಪಂಪ್ ಮನೆಯ ಕಡೆಯಿಂದ ಹೊರಟರು.